ನಡುವಿನ ಪಟ್ಟಿ

ಕಂಪ್ಯೂಟರಿನ ಪರದೆಯ ಮೇಲಿನ ಫೋಟೋದಲ್ಲಿ ಹಾಳೆಯ ಅಂಚಿನ ಗೆರೆ ನೇರವಾಗಿ ಈರೇಶನ ಮುಖದ ಮೇಲೆ ಬಂದು ನಿಂತಿತ್ತು. ಹಣೆಯ ನಡುವಿನಿಂದ ಇಳಿದು, ಮೂಗನ್ನು ಸೀಳಿ, ಗದ್ದ ದಾಟಿ ಹೋಗಿತ್ತು. ನಿರ್ಮಲಾ ಮೌಸಿನ ಮೇಲಿನ ಕೈ ತೆಗೆದು, ಕುರ್ಚಿಗೆ ಒರಗಿ ಕುಳಿತಳು.

"ಯಾಕ್ರಿ ಅಕ್ಕಾರ, ಮತ್ತ ಹ್ಯಾಂಗ್ ಆತೇನು?" ಪಕ್ಕದ ಮೇಜಿನಿಂದ ಕುಬೇರ ಕೇಳಿದ.

"ಇಲ್ಲೋ. ಹಾಳಿ ಎಲ್ಲೆಲ್ಲಿ ಕೂಡತಾವ ನೋಡಾಕತ್ತೇನಿ."

ಹಳಿಯಾಳದ ಆ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಿರ್ಮಲಾ ಬೋಧಕ ಸಹಾಯಕಿ. ಇದೇ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಇಲ್ಲಿಯೇ ಕೆಲಸಕ್ಕೆ ಸೇರಿ, ಮದುವೆಯ ಮಾತು ಬಂದಾಗಲೆಲ್ಲ ಏನೋ ಒಂದು ನೆವ ಹೇಳುತ್ತ ಮೂವತ್ತೆಂಟು ದಾಟಿದವಳು. ಕುಬೇರ ಮುಂಡಗೋಡ ಕಡೆಯ ತಾಂಡಾದ ಹುಡುಗ. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಅವನಿಗೆ ಬಾಯಿ ಸುಮ್ಮನಿದ್ದರೆ ಕೈಯೂ ನಡೆಯುವುದಿಲ್ಲ.

ಭೌತಶಾಸ್ತ್ರದ ಚನಬಸಪ್ಪ ಸರ್ ಶನಿವಾರ ನಿವೃತ್ತರಾಗುವವರಿದ್ದರು. ಅವರು ಮೊದಲ ಸಲ ಮೂರೂ ವರ್ಷ ಪಾಠ ಹೇಳಿದ ತಂಡ ಎಂದರೆ ನಿರ್ಮಲಾ ಓದಿದ ಎಂಬತ್ತೈದರದ್ದು. ಆ ತಂಡದ ಗುಂಪು ಫೋಟೋ ದೊಡ್ಡದು ಮಾಡಿ ಸಭಾಂಗಣದ ಬಾಗಿಲಲ್ಲಿ ಇಡಬೇಕೆಂಬುದು ಎಲ್ಲರ ಆಸೆ. ಹುಬ್ಬಳ್ಳಿಗೆ ಕಳಿಸಿದರೆ ಫ್ಲೆಕ್ಸಿನ ಮೇಲೆ ಬಾಗಿಲಿನಷ್ಟು ದೊಡ್ಡದು ಮಾಡಿ ಕೊಡುತ್ತಿದ್ದರು. ಆದರೆ ಫೋಟೋ ಇದ್ದದ್ದು ನಿರ್ಮಲಾಳ ಹತ್ತಿರ ಒಂದೇ. ಅದನ್ನು ಬಸ್ಸಿನಲ್ಲಿ ಯಾರದೋ ಕೈಯಲ್ಲಿ ಕೊಟ್ಟು ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. "ಕಚೇರಿ ಪ್ರಿಂಟರಿನ್ಯಾಗ ಮಾಡೂಣು. ತುಂಡು ತುಂಡು ತಗದು ಕೂಡಸಿದ್ರಾತು," ಎಂದು ತಾನೇ ಮೈಮೇಲೆ ಹಾಕಿಕೊಂಡಿದ್ದಳು.

ಫೋಟೋ ಅಗಲಕ್ಕೆ ಇಪ್ಪತ್ತೈದು ಸೆಂಟಿಮೀಟರು. ನಾಲ್ಕು ಪಟ್ಟು ಮಾಡಿದರೆ ಒಂದು ಮೀಟರು. ಕಚೇರಿಯ ಲೇಸರ್ ಪ್ರಿಂಟರಿಗೆ ಎ-ನಾಲ್ಕು ಹಾಳೆ ಬಿಟ್ಟರೆ ಬೇರೆ ಗೊತ್ತಿಲ್ಲ. ಆ ಹಾಳೆಯ ತುದಿಯ ತನಕವೂ ಅದು ಮಸಿ ಹಾಕುವುದಿಲ್ಲ, ಸುತ್ತಲೂ ಒಂದು ಬಿಳಿ ಅಂಚು ಬಿಡುತ್ತದೆ. ಅದನ್ನೆಲ್ಲ ಕಳೆದು ಲೆಕ್ಕ ಹಾಕಿದರೆ ಅಡ್ಡಕ್ಕೆ ಆರು, ಉದ್ದಕ್ಕೆ ಮೂರು ಹಾಳೆ. ಒಂದು ಹಾಳೆಯ ಕೊನೆಯ ಎರಡು ಸೆಂಟಿಮೀಟರಿನ ಪಟ್ಟಿಯನ್ನು ಮುಂದಿನ ಹಾಳೆಯ ಆರಂಭದಲ್ಲಿಯೂ ಮತ್ತೊಮ್ಮೆ ಅಚ್ಚು ಮಾಡಿಸಬೇಕು. ಹಾಳೆ ಪ್ರಿಂಟರಿನಲ್ಲಿ ಕೂದಲೆಳೆಯಷ್ಟು ಸೊಟ್ಟಗೆ ಹೋದರೂ ಆ ಪಟ್ಟಿಯೊಳಗೆ ಸರಿದೂಗಿಸಬಹುದು. ಪಟ್ಟಿಯ ಎರಡೂ ಗಡಿಗೆ ಮೇಲೆ ಕೆಳಗೆ ಸಣ್ಣ ಗೀಟು ಎಳೆದು, ಪಟ್ಟಿಯ ನಡುವೆ ಮೇಲೊಂದು ಕೆಳಗೊಂದು ಕೂಡು ಗುರುತು ಹಾಕಿದ್ದಳು. ಗುರುತುಗಳು ಚಿತ್ರದ ಮೇಲೆಯೇ ಇದ್ದುದರಿಂದ ಎರಡೂ ಹಾಳೆಯಲ್ಲಿ ಅವೇ ಬರುತ್ತವೆ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಾಗ ಕೂಡು ಗುರುತಿನೊಳಗೆ ಕೂಡು ಗುರುತು ಅಡಗಿದರೆ ಜೋಡಣೆ ಸರಿ. ಆಮೇಲೆ ಎರಡು ಪಟ್ಟಿಯಲ್ಲಿ ಒಂದನ್ನು ಗೀಟಿನ ಮೇಲೆ ಕತ್ತರಿಸಿ ತೆಗೆದು, ಅಂಚಿಗೆ ಅಂಚು ತಾಗಿಸಿ ಹಿಂದಿನಿಂದ ಟೇಪು ಹಚ್ಚುವುದು. ಹಾಳೆಯ ಮೇಲೆ ಹಾಳೆ ಬಂದರೆ ದಪ್ಪಗೆ ಕಾಣುತ್ತದೆಂದು ಅವಳಿಗೆ ಅದು ಬೇಡವಾಗಿತ್ತು.

ಲೆಕ್ಕವೆಲ್ಲ ಸರಿಯಿತ್ತು. ಅಂಚು ಮಾತ್ರ ಈರೇಶನ ಮೂಗಿನ ಮೇಲೆ.

ಆದರೆ ಆರು ಹಾಳೆಯ ಅಗಲ ದೊಡ್ಡದು ಮಾಡಿದ ಫೋಟೋಗಿಂತ ಹತ್ತು ಸೆಂಟಿಮೀಟರು ಹೆಚ್ಚಿತ್ತು. ಅಷ್ಟರೊಳಗೆ ಚಿತ್ರವನ್ನು ಬಲಕ್ಕೋ ಎಡಕ್ಕೋ ಸರಿಸಿಕೊಳ್ಳಬಹುದು. ನಿರ್ಮಲಾ ಸ್ವಲ್ಪ ಸ್ವಲ್ಪವೇ ಸರಿಸಿದಳು. ಅಂಚು ಅವನ ಮೂಗು ಬಿಟ್ಟು ಕೆನ್ನೆಗೆ, ಕೆನ್ನೆ ಬಿಟ್ಟು ಕಿವಿಗೆ, ಕಿವಿಯಿಂದ ಭುಜಕ್ಕೆ ಬಂತು. ಇನ್ನೂ ಸರಿಸಿದಾಗ ಅದು ಒಂದು ಖಾಲಿ ಜಾಗದಲ್ಲಿ ಬಂದು ನಿಂತಿತು.

ಆ ಜಾಗ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಕಾಲೇಜಿನ ಮೆಟ್ಟಿಲ ಮೇಲೆ ಎಡಗಡೆ ಹುಡುಗಿಯರು, ಬಲಗಡೆ ಹುಡುಗರು. ಮುಂದೆ ಕುರ್ಚಿಯಲ್ಲಿ ಸರ್. ಹುಡುಗಿಯರ ಸಾಲಿನ ಕೊನೆಗೆ ಅವಳು, ಹುಡುಗರ ಸಾಲಿನ ಮೊದಲಿಗೆ ಈರೇಶ. ಆಗ ಹಾಗೆಯೇ ನಿಲ್ಲಿಸುತ್ತಿದ್ದರು. ನಡುವೆ ಜಾಗ ಬಿಡಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಫೋಟೋದವನು ಕರಿ ಬಟ್ಟೆಯೊಳಗಿನಿಂದ ತಲೆ ಹೊರಹಾಕಿ, "ನಡುವ ಗ್ವಾಡಿ ಕಾಣಾಕತ್ತೈತಿ, ಸ್ವಲ್ಪ ಕೂಡ್ರಿ," ಎಂದು ಎರಡು ಸಲ ಕೂಗಿದ್ದ. ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ನಿರ್ಮಲಾ ಅಲ್ಲಾಡಲಿಲ್ಲ. ಈರೇಶನೂ ಅಲ್ಲಾಡಲಿಲ್ಲ. ಅವನು ಮುಂಡಗೋಡ ಹತ್ತಿರದ ಇಂದೂರಿನ ರೈತರ ಮನೆಯವನು, ಮಾತು ಕಡಿಮೆ. ಮೂರು ವರ್ಷ ಒಂದೇ ಮೇಜಿನಲ್ಲಿ ಅವಳ ಎದುರು ಪ್ರಯೋಗ ಮಾಡಿದವನು. ಅವನು ಅಳತೆ ಓದುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಅಷ್ಟೇ ಮಾತು. ಪರೀಕ್ಷೆ ಮುಗಿದ ಮೇಲೆ ಗುಜರಾತಿನ ಯಾವುದೋ ಕಾಗದದ ಕಾರ್ಖಾನೆಗೆ ಹೋದ. ಅಲ್ಲಿಯೇ ಮದುವೆಯಾಯಿತು, ಮಕ್ಕಳಾದವು ಎಂದು ಕೇಳಿದ್ದಳು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಶನಿವಾರ ಬರುತ್ತೇನೆಂದು ಸರ್ ಮನೆಗೆ ಫೋನು ಮಾಡಿದ್ದನಂತೆ.

"ಅಕ್ಕಾರ, ಈ ಕಡೆ ನೋಡ್ರಿ," ಕುಬೇರ ಎದ್ದು ಬಂದು ಪರದೆಗೆ ಬೆರಳು ತೋರಿಸಿದ. "ನಡುವಿಂದು ಸರಿ ಮಾಡಾಕ ಹೋಗಿ ಇವ್ರ ಗಲ್ಲ ಸೀಳಿಬಿಟ್ರಿ. ಯಾರಿವ್ರು?"

"ಕಾಶೆವ್ವ."

"ಕಾಶೆವ್ವಕ್ಕಾರು ಶನಿವಾರ ಬಂದು ನನ್ನ ಗಲ್ಲ ಯಾಕ ಕೊಯ್ದಿ ಅಂದ್ರ?"

"ಅಕಿ ಮಳಗಿ ಊರಿಂದ ಬರೂದ್ರಾಗ ಊಟದ ಹೊತ್ತಾಗತೈತಿ. ಎಲ್ಲಾರ ಮುಖಾ ಉಳಸಾಕ ಆಗೂದಿಲ್ಲ ಕುಬೇರ. ಯಾರದರ ಒಂದು ಹೋಗಬೇಕು."

"ಹೌದ್ರಿ, ಯಾರದರ ಹೋಗಬೇಕು," ಎಂದ ಕುಬೇರ, ಅವಳ ಮುಖ ನೋಡದೆ. ಅವನ ತುಟಿಯಲ್ಲಿ ನಗು ಇತ್ತು.

ಪ್ರಿಂಟು ಕೊಡುವಾಗ, ಹಾಳೆಗೆ ಹೊಂದುವಂತೆ ಕುಗ್ಗಿಸುವ ಗುರುತನ್ನು ತೆಗೆದು, ಪೂರ್ತಿ ಅಳತೆಗೇ ಇಟ್ಟಳು. ಅದೊಂದು ಮರೆತರೆ ಯಂತ್ರ ಪ್ರತಿ ಹಾಳೆಯನ್ನೂ ತನ್ನ ಬುದ್ಧಿಯಿಂದ ಸಣ್ಣದು ಮಾಡಿ, ಯಾವುದೂ ಅಳತೆಗೆ ಬರುವುದಿಲ್ಲ. ಮೊದಲ ಹಾಳೆ ಬಂದಾಗ ಗೀಟಿನಿಂದ ಗೀಟಿಗೆ ಸ್ಟೀಲ್ ಪಟ್ಟಿ ಇಟ್ಟು ನೋಡಿದಳು. ಎರಡು ಸೆಂಟಿಮೀಟರು ಸರಿಯಾಗಿತ್ತು. ಉಳಿದವು ಒಂದೊಂದಾಗಿ ಬೆಚ್ಚಗೆ ಹೊರಬಂದವು. ಕಡೆಯ ಹಾಳೆಗಳು ಬರುವಾಗ ಮಸಿ ತೀರುತ್ತ ಬಂತು. ಕುಬೇರ ಮಸಿಡಬ್ಬಿಯನ್ನು ಹೊರತೆಗೆದು ತೊಟ್ಟಿಲಿನಂತೆ ಅಲ್ಲಾಡಿಸಿ ಮತ್ತೆ ಹಾಕಿ, ಹೇಗೋ ಮುಗಿಸಿದ. ಆಮೇಲೆ ಅದು ಬರಿ ಹಾಳೆಯನ್ನೇ ಉಗುಳತೊಡಗಿತು.

ಗುರುವಾರ ಇಬ್ಬರೂ ಕೂಡಿ ಮೂರು ಮೂರು ಹಾಳೆಗಳನ್ನು ಮೇಲಿನಿಂದ ಕೆಳಗೆ ಜೋಡಿಸಿ, ಆರು ಉದ್ದನೆಯ ಕಂಬಗಳನ್ನು ಮಾಡಿದರು. ಶುಕ್ರವಾರ ಬೆಳಗ್ಗೆ ಕಂಬಗಳನ್ನು ಹಂಚಿಕೊಂಡರು. ಎಡಗಡೆಯ ಮೂರು ನಿರ್ಮಲಾಳಿಗೆ, ಬಲಗಡೆಯ ಮೂರು ಕುಬೇರನಿಗೆ. ಪ್ರಯೋಗಾಲಯದ ಆ ತುದಿಯ ಮೇಜಿನಲ್ಲಿ ಅವನು, ಈ ತುದಿಯಲ್ಲಿ ಇವಳು. ಇಬ್ಬರ ಕೈಯಲ್ಲೂ ಬ್ಲೇಡು ಮತ್ತು ಸ್ಟೀಲ್ ಪಟ್ಟಿ. ಹನ್ನೊಂದರ ಹೊತ್ತಿಗೆ ಎರಡು ಅರ್ಧಗಳು ತಯಾರಾದವು. ಹಾರ್ಡ್‌ಬೋರ್ಡಿನ ಮೇಲೆ ಅಂಟು ಸವರಿ, ಮೊದಲು ಎಡ ಅರ್ಧ, ಅದಕ್ಕೆ ತಾಗಿಸಿ ಬಲ ಅರ್ಧ ಕೂಡಿಸಿದರು. ಮೆಟ್ಟಿಲಿನ ಗೆರೆಗೆ ಗೆರೆ ಕೂದಲೂ ತಪ್ಪದಂತೆ ಕೂಡಿತು.

"ಶಾಬಾಸ್!" ಎಂದು ಕುಬೇರ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. "ಬೆಸುಗಿ ಕಾಣಾಂಗೇ ಇಲ್ಲ ನೋಡ್ರಿ."

ಕಾಣುವಂತಿರಲಿಲ್ಲ ನಿಜ. ಬೋರ್ಡನ್ನು ಗೋಡೆಗೆ ಒರಗಿಸಿ ನಿರ್ಮಲಾ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು. ನೋಡುತ್ತ ನಿಂತವಳು ಹಾಗೆಯೇ ನಿಂತುಬಿಟ್ಟಳು.

ಅವಳ ಭುಜ ಈರೇಶನ ಭುಜಕ್ಕೆ ತಾಗಿತ್ತು.

ನಡುವೆ ಗೋಡೆ ಇರಲಿಲ್ಲ. ಅವಳ ಸೀರೆಯ ಸೆರಗು ಅವನ ಬಿಳಿ ಅಂಗಿಯ ತೋಳಿಗೆ ಒರಗಿತ್ತು. ಇಡೀ ಚಿತ್ರದಲ್ಲಿ ಅವರಿಬ್ಬರೇ ಅಷ್ಟು ಹತ್ತಿರ ನಿಂತಿದ್ದರು. ಫೋಟೋದವನ ಮಾತು ಕೇಳಿ ಯಾರೋ ಒಬ್ಬರು ಅರ್ಧ ಹೆಜ್ಜೆ ಸರಿದಂತೆ ಇತ್ತು.

ಕಸ ಗುಡಿಸಲು ಬಂದ ಗೋದುಬಾಯಿ ಪೊರಕೆ ಊರಿ ನಿಂತು ನೋಡಿದಳು. "ಅಯ್ಯ, ಇದೇನ್ರಿ ಬಾಯಾರ! ದೊಡ್ಡ ಸಾಹೇಬ್ರು ಒಂದ್ ಮಗ್ಗಲ ಸೊರಗ್ಯಾರಲ್ಲ. ಆ ಕಡಿ ಭುಜಾನ ಇಲ್ಲ."

ಹೌದು. ಮುಂದೆ ಕುರ್ಚಿಯಲ್ಲಿ ಕುಳಿತ ಚನಬಸಪ್ಪ ಸರ್‌ಗೆ ಒಂದು ಕಡೆಯ ಭುಜ ಇರಲಿಲ್ಲ. ಕೊರಳಿನ ಪಕ್ಕದಲ್ಲಿಯೇ ಕೋಟು ಮುಗಿದು ಕುರ್ಚಿಯ ಕೈ ಶುರುವಾಗಿತ್ತು.

ನಿರ್ಮಲಾ ಹತ್ತಿರ ಹೋಗಿ ಮೇಲಂಚಿನ ಕೂಡು ಗುರುತುಗಳನ್ನು ಎಡಗಡೆಯಿಂದ ನೋಡುತ್ತ ಬಂದಳು. ಮೊದಲ ಬೆಸುಗೆಯಲ್ಲಿ ಒಂದು ಇತ್ತು. ಎರಡನೆಯದರಲ್ಲಿ ಒಂದು. ನಾಲ್ಕು, ಐದರಲ್ಲಿಯೂ ಇದ್ದವು. ನಡುವಿನ ಬೆಸುಗೆಯಲ್ಲಿ ಇಲ್ಲ.

"ಕುಬೇರ, ನೀ ಯಾವ ಕಡೆ ಕತ್ತರಿಸಿದಿ?"

"ಎಡಗಡೆ ಪಟ್ಟಿ ತಗದೇನ್ರಿ. ಮೂರೂ ಕಂಬದ್ದೂ. ಯಾಕ?"

ಅವಳು ತನ್ನ ಮೂರು ಕಂಬಗಳ ಬಲಗಡೆಯ ಪಟ್ಟಿ ತೆಗೆದಿದ್ದಳು. ಎರಡೂ ಪದ್ಧತಿ ಸರಿಯೇ. ಅವಳ ಕಂಬಗಳ ನಡುವೆ ಅವಳದು ಸರಿಹೋಗಿತ್ತು, ಅವನ ಕಂಬಗಳ ನಡುವೆ ಅವನದು. ಇಬ್ಬರ ಕೆಲಸ ಕೂಡುವ ಕಡೆ ಮಾತ್ರ ಎರಡು ಸಲ ಅಚ್ಚಾದ ಪಟ್ಟಿಯನ್ನು ಇಬ್ಬರೂ ಕತ್ತರಿಸಿಬಿಟ್ಟಿದ್ದರು. ಯಾವ ಕಡೆ ಎಂದು ಮೊದಲೇ ಮಾತಾಡಿಕೊಂಡಿರಲಿಲ್ಲ.

ಹೇಳಿದಾಗ ಕುಬೇರ ಹಣೆ ಬಡಿದುಕೊಂಡ. ಆಮೇಲೆ ಚಿತ್ರದ ಕಡೆ ನೋಡಿ, ಅವಳ ಕಡೆ ನೋಡಿ, ದನಿ ಇಳಿಸಿದ. "ಇರಲಿ ಬಿಡ್ರಿ ಅಕ್ಕಾರ. ಸಾಹೇಬ್ರ ಭುಜದ ಮ್ಯಾಗ ಒಂದು ಹಾರದ ಚಿತ್ರ ಹಚ್ಚಿಬಿಡೂಣು. ಉಳಿದದ್ದು ಯಾರಿಗೆ ತಿಳೀತೈತಿ? ನಿಮ್ಮಿಬ್ಬರನ್ನ ಬಿಟ್ರ ಆ ಗ್ವಾಡಿ ನೆನಪು ಇರಾವ್ರ ಯಾರು?"

"ಅಂಟು ಎಷ್ಟೊತ್ತಿಗೆ ಒಣಗತೈತಿ?"

"ಊಟಾ ಮಾಡಿ ಬರೂದ್ರಾಗ ಗಟ್ಟಿ ಆಗತೈತ್ರಿ. ಆಮ್ಯಾಲ ಕಿತ್ರ ಹಾಳಿ ಹರೀತಾವ. ಹೊಸಾದು ತಗ್ಯಾಕ ಮಸಿ ಇಲ್ಲ."

"ನೀ ಊಟಾ ಮಾಡಿ ಬಾ," ಎಂದಳು ನಿರ್ಮಲಾ.

ಅವನು ಹೋದ. ಗೋದುಬಾಯಿ ಕತ್ತರಿಸಿದ ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಪಡಸಾಲೆಗೆ ಹೋದಳು. ಪ್ರಯೋಗಾಲಯದಲ್ಲಿ ನಿರ್ಮಲಾ, ಎದುರಿಗೆ ಪಟದಲ್ಲಿ ಅವರಿಬ್ಬರು.

ಸುಮ್ಮನಿದ್ದರೆ ಸಾಕಿತ್ತು. ಏನೂ ಮಾಡಬೇಕಾಗಿರಲಿಲ್ಲ, ಅಂಟು ತಾನೇ ಒಣಗುತ್ತಿತ್ತು. ನಾಳೆ ಈರೇಶ ಬಾಗಿಲಲ್ಲಿ ನಿಂತು ನೋಡುವನು. ಹೀಗೆ ನಿಂತಿದ್ದೆವೇನು ಎಂದು ಅವನಿಗೆ ಅನುಮಾನ ಬರಬಹುದು, ಬರದೆಯೂ ಇರಬಹುದು. ಹದಿನೆಂಟು ವರ್ಷ ದೊಡ್ಡ ಕಾಲ. ಇದೇ ನಿಜವೆಂದು ತಿಳಿದು ಊರಿಗೆ ಒಯ್ದರೂ ಒಯ್ದ. ಎಲ್ಲಿಯೋ ಗುಜರಾತಿನ ಒಂದು ಮನೆಯಲ್ಲಿ, ಒಬ್ಬ ಮನುಷ್ಯನ ನೆನಪಿನಲ್ಲಿ, ಅವಳು ಅವನಿಗೆ ತಾಗಿ ನಿಂತಿರುತ್ತಾಳೆ. ಅದಕ್ಕಿಂತ ಹೆಚ್ಚಿನದನ್ನು ಅವಳು ಯಾವ ದೇವರನ್ನೂ ಕೇಳಿದವಳಲ್ಲ.

ಕುರ್ಚಿ ಎಳೆದುಕೊಂಡು ಕುಳಿತಳು. ಎಷ್ಟು ಹೊತ್ತು ನೋಡಿದರೂ ತಣಿಯಲಿಲ್ಲ. ಆ ಹುಡುಗಿಯ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಅದು ಮೊದಲೂ ಇತ್ತೋ, ಭುಜ ತಾಗಿದ್ದಕ್ಕೆ ಈಗ ಹಾಗೆ ಕಾಣುತ್ತಿತ್ತೋ. ತುಟಿ ಬಿಗಿದಿದ್ದ ಹುಡುಗಿ ಈಗ ನಗು ತಡೆದುಕೊಂಡವಳಂತಿದ್ದಳು. ಬೇಕಾದ್ದು ಸಿಕ್ಕವಳು, ಇನ್ನು ಯಾವುದಕ್ಕೂ ಕಾಯಬೇಕಾಗಿಲ್ಲದವಳು. ನೋಡನೋಡುತ್ತ ನಿರ್ಮಲಾಳಿಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿ ಹತ್ತಿತು. ಅದು ಏನೆಂದು ತಿಳಿಯಲು ತುಸು ಹೊತ್ತು ಹಿಡಿಯಿತು. ಹೊಟ್ಟೆಕಿಚ್ಚು. ಕಾಗದದ ಮೇಲಿನ ಆ ಹುಡುಗಿಯನ್ನು ಕಂಡು ಅವಳಿಗೆ ಹೊಟ್ಟೆಕಿಚ್ಚು ಬಂದಿತ್ತು.

ಇವಳು ನಾನಲ್ಲ, ಎಂದುಕೊಂಡಳು. ಇಷ್ಟು ವರ್ಷ ಈ ಪ್ರಯೋಗಾಲಯದ ಬೀಗ ತೆಗೆದವಳು, ಬೀಗ ಹಾಕಿದವಳು ಇವಳಲ್ಲ. ಇವಳು ನಾಳೆ ಅವನ ಎದುರು ನಿಂತರೆ, ನಾನು ಎಲ್ಲಿ ನಿಲ್ಲಲಿ?

ಎದ್ದು ಪಡಸಾಲೆಗೆ ಓಡಿದಳು. ಗೋದುಬಾಯಿ ಚಹಾಕ್ಕೆ ಒಲೆ ಹೊತ್ತಿಸಲು ಕುಳಿತಿದ್ದಳು. ಗೋಡೆಯ ಚಿತ್ರವಿದ್ದ ಉದ್ದನೆಯ ಒಂದು ಕಾಗದದ ಪಟ್ಟಿ ಅವಳ ಕೈಯಲ್ಲಿ ಸುರುಳಿಯಾಗಿ, ತುದಿಗೆ ಬೆಂಕಿ ಹತ್ತಿತ್ತು.

"ಬಾಯಿ, ತಡೀರಿ! ಇಂಥಾದು ಇನ್ನೊಂದು ಇತ್ತಲ್ಲ?"

"ಚೀಲದಾಗ ಐತ್ರಿ. ಏನು, ಬಂಗಾರ ಹೋತೇನು?"

ನಿರ್ಮಲಾ ಚೀಲವನ್ನು ನೆಲಕ್ಕೆ ಸುರಿದಳು. ಬಿಳಿ ಅಂಚುಗಳು, ಬೇರೆ ಬೆಸುಗೆಯ ಪಟ್ಟಿಗಳು, ಯಾರದೋ ಕಿವಿ, ಕಾಶೆವ್ವನ ಗಲ್ಲ. ಒಂದೊಂದನ್ನೇ ಬಿಡಿಸಿ ನೋಡಿದಳು. ಕೊನೆಗೆ ಸಿಕ್ಕಿತು. ಮೇಲೆ ಕೂಡು ಗುರುತು, ಅದರ ಕೆಳಗೆ ಸುಣ್ಣ ಕಿತ್ತ ಗೋಡೆ, ಗೋಡೆಯ ಕೆಳಗೆ ಸರ್ ಅವರ ಭುಜ. ಬೇರೇನೂ ಇರಲಿಲ್ಲ. ನಡು ಮಡಚಿಹೋಗಿದ್ದನ್ನು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡಿದಳು.

ಕುಬೇರ ಊಟ ಮುಗಿಸಿ ಬಂದಾಗ ಅವಳು ಬಲ ಅರ್ಧವನ್ನು ಮೂಲೆಯಿಂದ ಉಗುರಿನಲ್ಲಿ ಎಬ್ಬಿಸುತ್ತಿದ್ದಳು. ಅವನು ಇನ್ನೊಂದು ಮೂಲೆ ಹಿಡಿದ. ಅಂಟು ಇನ್ನೂ ಹಸಿಯಿತ್ತು, ನೂಲಿನಂತೆ ಎಳೆಯಿತು, ಹಾಳೆ ಹರಿಯಲಿಲ್ಲ. ನಡುವೆ ಪಟ್ಟಿ ಇಟ್ಟು, ಅದಕ್ಕೆ ತಾಗಿಸಿ ಬಲ ಅರ್ಧ ಮತ್ತೆ ಕೂಡಿಸಿದರು. ಸರ್‌ಗೆ ಭುಜ ಬಂತು. ಕುರ್ಚಿಯ ಕೈ ತನ್ನ ಜಾಗಕ್ಕೆ ಹೋಯಿತು. ಈರೇಶ ಗೋಡೆಯ ಆ ಕಡೆ ಹೋಗಿ ನಿಂತ.

"ಈಗ ಬೆಸುಗಿ ಎರಡಾದವು ನೋಡ್ರಿ," ಎಂದ ಕುಬೇರ. "ಕಣ್ಣಿಗೆ ಹೊಡೀತಾವ."

"ಹೊಡೀಲಿ."

ಶನಿವಾರ ಬೆಳಗ್ಗೆ ಸಭಾಂಗಣದ ಬಾಗಿಲಲ್ಲಿ ಜನ ನೆರೆದಿತ್ತು. ಚನಬಸಪ್ಪ ಸರ್ ಪಟದ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು, "ಏ ನಿರ್ಮಲಾ, ಆವಾಗ ನನ್ನ ತಲಿ ಮ್ಯಾಗ ಇಷ್ಟು ಕೂದಲಾ ಇದ್ವೇನವಾ? ನೀ ಏನರ ಹೆಚ್ಚಿಗಿ ಹಚ್ಚಿಲ್ಲ ಹೌದಲ್ಲ?" ಎಂದು ಎಲ್ಲರನ್ನೂ ನಗಿಸಿ ಒಳಗೆ ಹೋದರು. ಜನ ಅವರ ಹಿಂದೆ ಹೋಯಿತು. ಬಾಗಿಲಲ್ಲಿ ಒಬ್ಬ ಉಳಿದ. ಮೈ ತುಂಬಿಕೊಂಡಿದ್ದ, ಕಿವಿಯ ಹತ್ತಿರ ನರೆತಿದ್ದ. ಕೈ ಹಿಂದೆ ಕಟ್ಟಿ ತಲೆ ಒಂದು ಕಡೆ ವಾಲಿಸಿ ನಿಲ್ಲುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅಳತೆ ಓದುವಾಗಲೂ ಹಾಗೆಯೇ ನಿಲ್ಲುತ್ತಿದ್ದ.

"ಆರಾಮ ಇದ್ದೀರೇನ್ರಿ ನಿರ್ಮಲಾ ಅವರ," ಎಂದ ಈರೇಶ, ಪಟದಿಂದ ಕಣ್ಣು ತೆಗೆಯದೆ.

"ಆರಾಮ ಇದ್ದೇನ್ರಿ. ನೀವು? ಮನಿಯವ್ರು ಬರಲಿಲ್ಲೇನು?"

"ಮಕ್ಕಳ ಪರೀಕ್ಷಾ ಅದಾವ."

ಒಳಗೆ ಯಾರೋ ಮೈಕು ಊದಿ ನೋಡುತ್ತಿದ್ದರು. ಈರೇಶ ಮುಂದೆ ಬಾಗಿ, ನಡುವಿನ ಆ ಪಟ್ಟಿಯನ್ನು ನೋಡಿದ. ಎರಡು ಬೆಸುಗೆಯ ನಡುವೆ ಅದು ಬೇರೆಯದೇ ಬಣ್ಣವಾಗಿ, ಮಡಚಿದ ಕಲೆಯೊಂದಿಗೆ ಎದ್ದು ಕಾಣುತ್ತಿತ್ತು. ಅದರ ಮೇಲೆ ತನ್ನ ಹೆಬ್ಬೆರಳನ್ನು ಇಟ್ಟ. ಅವಳ ಭುಜದಿಂದ ಅವನ ಭುಜದ ತನಕ ಹೆಬ್ಬೆರಳು ಸರಿಯಾಗಿ ಕೂತಿತು.

"ಇಷ್ಟ ಇತ್ತೇನ್ರಿ?" ಎಂದ. ದನಿ ಬಹಳ ಸಣ್ಣಗಾಗಿತ್ತು. "ನನಗ ಭಾಳ ದೂರ ನಿಂತಂಗ ನೆನಪೈತಿ. ನಡುವ ಇನ್ನೊಬ್ಬರು ನಿಲ್ಲೂವಷ್ಟು."

ನಿರ್ಮಲಾ ಏನಾದರೂ ಹೇಳಬೇಕಾಗಿತ್ತು. ಹೇಳಲು ಅವಳಿಗೆ ಗೊತ್ತಿದ್ದದ್ದು ಅಳತೆ ಒಂದೇ.

"ಇದು ನಾಲ್ಕು ಪಟ್ಟು ದೊಡ್ಡದು ಮಾಡಿದ್ದ್ರಿ," ಎಂದಳು. "ಫೋಟೋದಾಗ ಇನ್ನೂ ಕಡಿಮಿ ಐತಿ."

ಈರೇಶ ಹೆಬ್ಬೆರಳು ತೆಗೆಯಲಿಲ್ಲ. ಒಳಗಿನಿಂದ ಸರ್ ಅವನ ಹೆಸರು ಹಿಡಿದು ಕೂಗಿದರು, ಮತ್ತೊಮ್ಮೆ ಕೂಗಿದರು. ಅವಳು ಅವನ ಪಕ್ಕದಲ್ಲಿ ನಿಂತೇ ಇದ್ದಳು. ಒಂದು ಹೆಜ್ಜೆ ಹಿಂದೆ ಸರಿದರೆ ಅವನು ಬಾಗಿಲು ದಾಟಲು ದಾರಿಯಾಗುತ್ತಿತ್ತು. ಅವಳು ಸರಿಯಲಿಲ್ಲ.